ಐದನೇ ಕ್ಲಾಸಿನ ಪೋಸ್ಟರು, ಶೌಚಾಲಯದ ಬೀಗ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಮಧ್ಯ ಕರ್ನಾಟಕದ ಬಯಲುಸೀಮೆ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ಕ್ಲಾಸ್ ತನಕ. ಊರು, ತಾಲ್ಲೂಕು, ವರ್ಷ ಯಾವ್ದೂ ಹೇಳಲ್ಲ. ಯಾರ ಗುರುತಾದ್ರೂ ಸಿಕ್ಕಿಬಿಡುತ್ತೆ ಅನ್ನಿಸಿದ ಒಂದೆರಡು ವಿವರಗಳನ್ನ ಬದಲಾಯಿಸಿದೀನಿ. ಐದನೇ ಕ್ಲಾಸಲ್ಲಿ ಮೂವತ್ತರ ಆಸುಪಾಸು ಮಕ್ಕಳು, ಎಲ್ಲಾ ಹತ್ತು ಹತ್ತೂವರೆ ವಯಸ್ಸು, ಅದ್ರಲ್ಲಿ ಏಳೆಂಟು ಜನ ಹತ್ರದ ತಾಂಡಾದಿಂದ ನಡ್ಕೊಂಡು ಬರ್ತಾರೆ, ಮನೇಲಿ ಲಂಬಾಣಿ ಮಾತಾಡ್ತಾರೆ.

ನಾನೂ ನನ್ನ ಸಹೋದ್ಯೋಗಿಯೊಬ್ರೂ ಮಕ್ಕಳ ಜೊತೆ ಕೆಲಸ ಮಾಡೋ ಒಂದು ಸಣ್ಣ ಸಂಸ್ಥೆಯಿಂದ ಅಲ್ಲಿಗೆ ಹೋಗ್ತಿದ್ವಿ. ನವೆಂಬರ್ ಬಂತು ಅಂದ್ರೆ ಶಾಲೆಗಳಲ್ಲಿ ಮಕ್ಕಳ ಹಕ್ಕಿನ ಕಾರ್ಯಕ್ರಮ ಸಾಲಾಗಿ ನಡೀತವೆ ಅಲ್ವಾ, 14ಕ್ಕೆ ಮಕ್ಕಳ ದಿನಾಚರಣೆ, 20ಕ್ಕೆ ವಿಶ್ವಸಂಸ್ಥೆ 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಒಪ್ಪಿಕೊಂಡ ದಿನ, ಅದರ ಆಸುಪಾಸಲ್ಲೇ ಗ್ರಾಮ ಪಂಚಾಯ್ತಿಯವ್ರು ಮಕ್ಕಳ ಗ್ರಾಮಸಭೆನೂ ಇಟ್ಕೋತಾರೆ. ಆ ಸಭೆಲಿ ಮಕ್ಕಳು ಪಂಚಾಯ್ತಿ ಅಧ್ಯಕ್ಷರು, ಪಿಡಿಒ, ಬೇರೆ ಇಲಾಖೆಯವ್ರ ಮುಂದೆ ತಮ್ಮ ಊರಿನ, ಶಾಲೆಯ ತೊಂದ್ರೆ ಹೇಳಬಹುದು, ಅವ್ರು ಉತ್ತರ ಕೊಡಬೇಕು, ಅದು ಪುಸ್ತಕದಲ್ಲಿ ದಾಖಲಾಗಬೇಕು. ಈ ಶಾಲೆ ಮಕ್ಕಳು ಪೋಸ್ಟರ್ ಮಾಡ್ಕೊಂಡು ಹೋಗಿ ಒಂದು ಕಿರುನಾಟಕನೂ ಆಡ್ಬೇಕು ಅಂತ ಹೆಡ್ ಮಾಸ್ಟ್ರೇ ಹೇಳಿದ್ರು. ಒಳ್ಳೆ ಮನುಷ್ಯ, ಉತ್ಸಾಹ ಇತ್ತು. ಅವ್ರ ತಲೇಲಿ ಇದ್ದಿದ್ದು ಮಾತ್ರ ಬೇರೆ ಥರದ ಕಾರ್ಯಕ್ರಮ.

ಸಮಸ್ಯೆ ಏನಿತ್ತು

ನಾವು ಹೋಗೋಷ್ಟರಲ್ಲಿ ಪೋಸ್ಟರ್ ರೆಡಿ ಇದ್ವು. ಹೋದ ವರ್ಷದವು, ಜೊತೆಗೆ ಈ ವರ್ಷಕ್ಕೆ ಅಂತ ಹೊಸದಾಗಿ ಮಾಡಿದವು, ಎರಡನ್ನೂ ಪಕ್ಕಪಕ್ಕ ಇಟ್ರೆ ಯಾವುದು ಯಾವ್ದು ಅಂತ ಗೊತ್ತಾಗ್ತಿರಲಿಲ್ಲ. ಭೂಮಿ ಸುತ್ತ ಕೈಕೈ ಹಿಡ್ಕೊಂಡು ನಿಂತ ಮಕ್ಕಳು, ಟೀ ಅಂಗಡೀಲಿ ಲೋಟ ತೊಳೆಯೋ ಹುಡುಗ, ಅವನ ಮೇಲೆ ಕೆಂಪು ಇಂಟು ಮಾರ್ಕು, ಮದುಮಗಳ ಡ್ರೆಸ್ಸಲ್ಲಿ ಅಳ್ತಿರೋ ಹುಡುಗಿ. ಕೆಳಗಡೆ ನಾಲ್ಕು ಹಕ್ಕು: ಬದುಕುವ ಹಕ್ಕು, ರಕ್ಷಣೆ ಹಕ್ಕು, ವಿಕಾಸದ ಹಕ್ಕು, ಭಾಗವಹಿಸುವ ಹಕ್ಕು. ಅಕ್ಷರ ಮುತ್ತಿನ ಹಾಗಿತ್ತು, ಯಾಕಂದ್ರೆ ಬರೆದಿದ್ದು ಏಳನೇ ಕ್ಲಾಸಿನ ಅಕ್ಷರ ಚೆನ್ನಾಗಿರೋ ಹುಡುಗಿ, ಸ್ಕೆಚ್ ಪೆನ್ನಲ್ಲಿ ಅಂಚು ತಿದ್ದಿದ್ದು ಮಿಸ್ಸು. ಐದನೇ ಕ್ಲಾಸಿನವ್ರು ಬಣ್ಣ ತುಂಬಿದ್ರು.

ಬಾಲ್ಯವಿವಾಹ, ಬಾಲಕಾರ್ಮಿಕತೆ ಸಣ್ಣ ವಿಷಯ ಅಂತ ನಾನು ಹೇಳ್ತಿಲ್ಲ. ಆದ್ರೆ ಈ ಕ್ಲಾಸಲ್ಲಿ ಕೂತಿರೋ ಹತ್ತು ವರ್ಷದ ಮಗುಗೆ ನಿನ್ನೆ ಮೊನ್ನೆ ಏನು ಬೇಕಿತ್ತು, ಏನು ಸಿಗಲಿಲ್ಲ ಅನ್ನೋದರ ಒಂದು ಗೆರೆನೂ ಆ ಚಾರ್ಟಲ್ಲಿ ಇರಲಿಲ್ಲ. ಭಾರತ 1992ರ ಡಿಸೆಂಬರಲ್ಲಿ ಆ ಒಡಂಬಡಿಕೆಗೆ ಸೇರಿಕೊಳ್ತು, ಅದರ 12ನೇ ವಿಧಿ ಹೇಳೋದು ಮಗುಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ಅಭಿಪ್ರಾಯ ಹೇಳಬಹುದು, ಅದಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕು ಅಂತ. ಇಲ್ಲಿ ನೋಡಿದ್ರೆ ಭಾಗವಹಿಸುವ ಹಕ್ಕು ಅಂತ ಬರೆದಿರೋ ಚಾರ್ಟಿನಲ್ಲೇ ಮಕ್ಕಳ ಭಾಗ ಅಂದ್ರೆ ಕ್ರೆಯಾನ್ಸ್ ಅಷ್ಟೇ.

ನೇರವಾಗಿ ಕೇಳಿದ್ರೂ ಪ್ರಯೋಜನ ಆಗ್ತಿರಲಿಲ್ಲ. "ನಿಮಗೇನು ಬೇಕು ಹೇಳಿ ಪುಟ್ಟಾ" ಅಂದ್ರೆ ಎರಡೇ ಥರ ಉತ್ತರ. ಒಂದು ಪಾಠದ ಉತ್ತರ, "ನಮಗೆ ಉತ್ತಮ ಶಿಕ್ಷಣ ಬೇಕು ಸಾರ್" ಅಂತ ಎದ್ದು ನಿಂತು ಹೇಳೋದು. ಇನ್ನೊಂದು ಸೈಕಲ್ಲು, ಕ್ರಿಕೆಟ್ ಬ್ಯಾಟು, ಮೊಬೈಲು. ಈ ವಯಸ್ಸಿನ ಮಕ್ಕಳಿಗೆ ದಿನಾ ಆಗೋ ತೊಂದ್ರೆ ತೊಂದ್ರೆ ಥರ ಕಾಣೋದೇ ಇಲ್ಲ, ಹುಟ್ಟಿದಾಗಿಂದ ಹಾಗೇ ಇರುತ್ತಲ್ಲ, ಬಿಸಿಲಿನ ಬಗ್ಗೆ ಯಾರು ಕಂಪ್ಲೇಂಟ್ ಮಾಡ್ತಾರೆ.

ಏನೇನು ಮಾಡಿದ್ವಿ

ಹಾಗಾಗಿ ಹಕ್ಕಿನ ವಿಷಯನೇ ಬದಿಗಿಟ್ವಿ. ಚಾರ್ಟ್ ಪೇಪರ್ ಅರ್ಧಕ್ಕೆ ಕತ್ತರಿಸಿ ಒಬ್ಬೊಬ್ರಿಗೂ ಒಂದೊಂದು ಕೊಟ್ವಿ, ಉದ್ದಕ್ಕೆ ಒಂದು ಗೆರೆ ಎಳೆದು ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋ ತನಕ ಏನೇನಾಯ್ತು ಬರೀ ಚಿತ್ರದಲ್ಲಿ ಹಾಕಿ ಅಂದ್ವಿ. ರಬ್ಬರ್ ಇಲ್ಲ, ಸ್ಕೇಲ್ ಇಲ್ಲ, ತಪ್ಪಾದ್ರೆ ಪಕ್ಕದಲ್ಲಿ ಇನ್ನೊಂದು ಚಿತ್ರ ಹಾಕಿ. ರಬ್ಬರ್ ಕೊಟ್ರೆ ಹತ್ತು ವರ್ಷದ ಮಗು ಅರ್ಧ ಗಂಟೆ ಒಂದು ತಲೇನೇ ಅಳಿಸಿ ಅಳಿಸಿ ಬರೀತಾ ಕೂತಿರುತ್ತೆ, ಇದು ಅನುಭವದಲ್ಲಿ ಕಂಡಿದ್ದು. ಗುಂಪಿಗೆ ಒಂದೇ ಚಾರ್ಟ್ ಯಾಕೆ ಕೊಡಲಿಲ್ಲ ಅಂದ್ರೆ, ಕೊಟ್ರೆ ಡ್ರಾಯಿಂಗ್ ಚೆನ್ನಾಗಿ ಬರೋ ಒಬ್ನ ಕೈಗೆ ಹೋಗುತ್ತೆ, ಮಿಕ್ಕಿದವ್ರು ಕ್ಯಾಪ್ ಹಿಡ್ಕೊಂಡು ನಿಂತಿರ್ತಾರೆ.

ಮಿಸ್ಸಿಗೆ ಒಂದೇ ಒಂದು ಕೇಳ್ಕೊಂಡಿದ್ವಿ, ಚಿತ್ರದ ಮೇಲೆ ಕೈ ಇಡಬೇಡಿ, ಬೇಕಾದ್ರೆ ನೀವೂ ನಿಮ್ಮ ದಿನದ ಗೆರೆ ಹಾಕಿ ಅಂತ. ಮೊದಲು ಮುಖ ಸಪ್ಪೆ ಮಾಡಿದ್ರು, ಆಮೇಲೆ ನಿಜವಾಗ್ಲೂ ಕೂತು ಹಾಕಿದ್ರು. ಬೆಳಿಗ್ಗೆ ಐದೂವರೆಗೆ ಎದ್ದು ಬಸ್ ಹಿಡಿಯೋ ಚಿತ್ರ ನೋಡಿ ಮಕ್ಕಳಿಗೆ ಖುಷಿಯೋ ಖುಷಿ, ಮಿಸ್ಸೂ ಓಡ್ತಾರೆ ಅಂತ.

ಆಮೇಲೆ ಆ ಹಾಳೆಗಳನ್ನ ನೆಲದ ಮೇಲೆ ಹರಡಿ ಸುತ್ತ ಕೂತು ನೋಡಿದ್ವಿ. ನಮ್ಮ ಪ್ರಶ್ನೆಗಳು ಸಪ್ಪೆನೇ: ಇದೇನು, ಇಲ್ಲಿ ಯಾರಿದಾರೆ, ಆಮೇಲೆ ಏನಾಯ್ತು. ಯಾಕೆ ಅಂತ ಕೇಳಲಿಲ್ಲ, ಯಾಕೆ ಅಂದ ತಕ್ಷಣ ಮಗು ಸರಿಯುತ್ತರ ಹುಡುಕೋಕೆ ಶುರುಮಾಡುತ್ತೆ. ಹುಡುಗಿಯೊಬ್ಬಳ ಹಾಳೇಲಿ ಬೆಳಿಗ್ಗೆ ಒಂದು ನೀರಿನ ಬಾಟಲು ಇತ್ತು, ನೀಲಿ ಬಣ್ಣ ಪೂರ್ತಿ ತುಂಬಿತ್ತು. ಸಂಜೆ ಮನೆಗೆ ಹೋಗೋ ಚಿತ್ರದಲ್ಲಿ ಅದೇ ಬಾಟಲು ಬೇವಿನ ಮರದ ಕೆಳಗೆ ಬಗ್ಗಿಸಿತ್ತು, ನೀರು ಹೊರಗೆ ಬೀಳ್ತಿತ್ತು.

"ಇದೇನವ್ವಾ, ಗಿಡಕ್ಕೆ ನೀರು ಹಾಕ್ತಿದೀಯಾ?" ಅಂತ ನನ್ನ ಸಹೋದ್ಯೋಗಿ ಕೇಳಿದ್ರು.

"ಇಲ್ಲಕ್ಕ, ಚೆಲ್ತಿದೀನಿ. ಬಾಟ್ಲಿ ತುಂಬಿದ್ರೆ ಅವ್ವ ಬೈತಾಳೆ, ನೀರು ಕುಡ್ದಿಲ್ಲ ಅಂತ."

ಪಕ್ಕದ ಹುಡುಗಿ "ನಾನೂ ಅಲ್ಲೇ ಚೆಲ್ಲೋದು" ಅಂದ್ಳು, ಇನ್ನಿಬ್ರು ನಕ್ಕರು, ಆಮೇಲೆ ನೋಡಿದ್ರೆ ಹುಡುಗೀರಲ್ಲಿ ಬಹಳಷ್ಟು ಜನ ಚೆಲ್ಲೋರೇ. ಶಾಲೇಲಿ ನೀರು ಕುಡಿಯೋಕೆ ಅಂತ ಬೆಲ್ ಹೊಡೀತಾರೆ, ಎಲ್ಲಾ ಬಾಟಲು ತುಟಿಗೆ ಹಚ್ಚಿ ಕೆಳಗಿಡ್ತಾರೆ. ಕುಡಿದ್ರೆ ಒಂದಕ್ಕೆ ಹೋಗ್ಬೇಕು, ಶೌಚಾಲಯಕ್ಕೆ ಬೀಗ, ಕೀ ಹೆಡ್ ಮಾಸ್ಟ್ರ ಟೇಬಲ್ ಡ್ರಾದಲ್ಲಿ. ಆಫೀಸಿಗೆ ಹೋಗಿ ನಾಲ್ಕು ಜನ ದೊಡ್ಡವ್ರು ಕೂತಿರೋ ಕಡೆ "ಸಾರ್, ಕೀ" ಅಂತ ಕೇಳ್ಬೇಕು. ಹುಡುಗ್ರು ಕಾಂಪೌಂಡ್ ಹಿಂದೆ ಹೋಗ್ತಾರೆ, ಇವ್ರಿಗೆ ಅದೂ ಇಲ್ಲ.

ಮಿಸ್ಸು ಅಲ್ಲೇ ಕೂತಿದ್ರು. ಅವ್ರಿಗೆ ಬೀಗದ ವಿಷಯ ಗೊತ್ತಿತ್ತು, ಬಾಟಲಿ ವಿಷಯ ಗೊತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಹುಡುಗೀರು ತಲೆನೋವು ಅಂತ ಡೆಸ್ಕ್ ಮೇಲೆ ಮಲಗೋದು, ಕೆಲವ್ರಿಗೆ ಉರಿಮೂತ್ರ ಅಂತ ರಜೆ ಹಾಕೋದು, ಇದೆಲ್ಲ ಒಂದಕ್ಕೊಂದು ಸೇರಿಸಿ ಅವ್ರೇ ಹೇಳಿದ್ರು. ಡಾಕ್ಟ್ರ ಹತ್ರ ಹೋಗದೆ ಅದಕ್ಕೆ ಇದೇ ಕಾರಣ ಅಂತ ಖಂಡಿತವಾಗಿ ಹೇಳೋಕೆ ಬರಲ್ಲ, ಆದ್ರೆ ದಿನಪೂರ್ತಿ ನೀರು ಕುಡಿಯದೆ ಮೂತ್ರ ಕಟ್ಕೊಂಡು ಕೂತ್ರೆ ಸೋಂಕು ಬರೋ ಸಾಧ್ಯತೆ ಜಾಸ್ತಿ ಅನ್ನೋದಂತೂ ಗೊತ್ತಿರೋ ಮಾತು.

ಹುಡುಗ್ರ ಹಾಳೆಗಳಲ್ಲಿ ಬೇರೆ ವಿಷಯ ಎದ್ದು ಬಂತು. ಸಂಜೆ ಆಟದ ಚಿತ್ರ ಬಹಳ ಕಡಿಮೆ ಇತ್ತು, ಇದ್ದಿದ್ದರಲ್ಲಿ ಮೈದಾನದ ತುಂಬ ಹಳದಿ ಚುಕ್ಕೆ. ಮೆಕ್ಕೆಜೋಳ. ಸುಗ್ಗಿ ಟೈಮಲ್ಲಿ ಊರವ್ರು ಶಾಲೆ ಮೈದಾನದಲ್ಲೇ ಟಾರ್ಪಾಲ್ ಹಾಸಿ ಜೋಳ ಒಣಗಿಸ್ತಾರೆ, ಚೆಂಡು ಹೋಗಿ ಬಿದ್ರೆ ಬೈಗುಳ. ಇದು ತಿಂಗಳುಗಟ್ಟಲೆ ನಡೆಯುತ್ತೆ.

ಹೇಳಲೇಬೇಕಾದ ಒಂದು ಹಾಳೆ

ಒಬ್ಬ ಹುಡುಗನ ಗೆರೆಯ ಕೊನೆಗೆ, ರಾತ್ರಿ ಇರಬೇಕಾದ ಜಾಗದಲ್ಲಿ, ಕಪ್ಪು ಕ್ರೆಯಾನ್ಸ್ ಒತ್ತಿ ಒತ್ತಿ ಉಜ್ಜಿತ್ತು, ಪೇಪರ್ ಹರಿದೇ ಹೋಗಿತ್ತು. ಪಕ್ಕದವನು ಜೋರಾಗಿ ಹೇಳಿಬಿಟ್ಟ, "ಅವರಪ್ಪ ಕುಡ್ಕೊಂಡು ಬಂದು ಗಲಾಟೆ ಮಾಡ್ತಾನೆ ಸಾರ್, ಅದನ್ನೇ ನಾಟಕ ಮಾಡಾಣ, ಸಕತ್ತಾಗಿರುತ್ತೆ." ಇನ್ನೂ ಇಬ್ರು ಆಗ್ಲೇ ಕುಡುಕನ ಆಕ್ಟಿಂಗ್ ಶುರು ಮಾಡಿದ್ರು. ಕುಡುಕನ ಪಾರ್ಟು ಅಂದ್ರೆ ಮಕ್ಕಳ ನಾಟಕದಲ್ಲಿ ಎಲ್ರಿಗೂ ಬೇಕು, ಜನ ನಗ್ತಾರಲ್ಲ.

ಇಲ್ಲಿ ಏನು ಮಾಡ್ತೀವಿ ಅನ್ನೋದರ ಮೇಲೆ ಇಡೀ ಚಟುವಟಿಕೆ ನಿಂತಿರುತ್ತೆ ಅಂತ ನನ್ನ ಅಭಿಪ್ರಾಯ. ನಾವು ಮುಂಚೆನೇ ಒಂದು ನಿಯಮ ಇಟ್ಕೊಂಡಿದ್ವಿ: ಸ್ಟೇಜಿಗೆ, ಪೋಸ್ಟರಿಗೆ ಹೋಗೋ ವಿಷಯ ಕ್ಲಾಸಲ್ಲಿ ಕನಿಷ್ಠ ಐದಾರು ಮಕ್ಕಳ ಹಾಳೇಲಿ ಇರಬೇಕು. ಒಬ್ಬನದೇ ಆದ್ರೆ ಅದು ಅವನದು, ಊರಿನದಲ್ಲ. ಅದನ್ನೇ ಮತ್ತೆ ಹೇಳಿದ್ವಿ, ಯಾರ ಹೆಸರನ್ನೂ ಎತ್ತಲಿಲ್ಲ. ಹಾಗೇ ಹಾಳೆ ತಿರುಗಿಸಿ ಇಡೋಕೆ ಎಲ್ರಿಗೂ ಅವಕಾಶ ಇದೆ ಅಂದಾಗ ಆ ಹುಡುಗ ತಿರುಗಿಸಿ ಇಟ್ಟ, ಜೊತೆಗೆ ಇನ್ನೂ ಮೂರ್ನಾಲ್ಕು ಜನ ತಿರುಗಿಸಿದ್ರು, ಅವ್ನೊಬ್ನೇ ಆಗಲಿಲ್ಲ.

ಆಮೇಲೆ ಊಟದ ಹೊತ್ತಲ್ಲಿ ಅವನ ಜೊತೆ ಮಾತು, ಮಿಸ್ಸಿನ ಎದುರಲ್ಲೇ, ಬಾಗಿಲು ತೆಗೆದಿರೋ ರೂಮಲ್ಲಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಲಿಲ್ಲ. ಮಾತು ಕೊಟ್ರೆ ಕಷ್ಟ, ಯಾಕಂದ್ರೆ ಲೈಂಗಿಕ ದೌರ್ಜನ್ಯದ ವಿಷಯ ಏನಾದ್ರೂ ಬಂದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿದವರು ವರದಿ ಮಾಡಲೇಬೇಕು. ಇಲ್ಲಿ ಅದಿರಲಿಲ್ಲ, ಅವನಿಗೆ ಏಟು ಬೀಳ್ತಿಲ್ಲ ಅಂದ, ಜಗಳ ಶುರುವಾದ್ರೆ ತಂಗೀನ ಕರ್ಕೊಂಡು ಅಜ್ಜಿ ಮನೆಗೆ ಓಡ್ತೀನಿ ಅಂದ. ಅವನ ಒಪ್ಪಿಗೆ ಕೇಳಿ ಮಿಸ್ಸು ಅಜ್ಜಿ, ಅಮ್ಮನ ಜೊತೆ ಮಾತಾಡಿದ್ರು, ರಾತ್ರಿ ಹೊತ್ತು ಮಕ್ಕಳು ಅಜ್ಜಿ ಹತ್ರನೇ ಇರೋದು ಅಂತಾಯ್ತು, ಮಕ್ಕಳ ಸಹಾಯವಾಣಿ 1098ಕ್ಕೆ ಯಾವಾಗ ಫೋನ್ ಮಾಡಬೇಕು ಅಂತ ಅವನಿಗೂ ಅಮ್ಮಂಗೂ ಹೇಳಿಕೊಟ್ವಿ. ಇದಕ್ಕಿಂತ ಜಾಸ್ತಿ ಬರೆಯಲ್ಲ. ಇಂಥ ಹಾಳೆ ಬಂದ್ರೆ ಯಾರಿಗೆ ಒಪ್ಪಿಸ್ತೀವಿ ಅನ್ನೋದು ಗೊತ್ತಿಲ್ದೆ ಮಕ್ಕಳ ಕೈಗೆ ಕ್ರೆಯಾನ್ಸ್ ಕೊಡಬಾರದು, ಅಷ್ಟೇ.

ನಾಟಕ ಕಟ್ಟಿದ್ದು

ಮೊದಲು ಹೆಡ್ ಮಾಸ್ಟ್ರು ಹೋದ ವರ್ಷದ ಸ್ಕ್ರಿಪ್ಟ್ ಕೊಟ್ಟಿದ್ರು. ಮಕ್ಕಳು ಅದನ್ನ ಬಾಯಿಪಾಠ ಮಾಡಿ ಒಪ್ಪಿಸಿದ್ರೆ ಕಣ್ಣು ಸೂರು ನೋಡ್ತಿರುತ್ತೆ, "ತಂದೆಯವರೇ, ನಾನು ಶಾಲೆಗೆ ಹೋಗಲು ಬಯಸುತ್ತೇನೆ" ಅನ್ನೋ ಮಾತು ಯಾವ ಮನೇಲಿ ಯಾರು ಆಡ್ತಾರೋ ಗೊತ್ತಿಲ್ಲ. ಅದನ್ನ ಬಿಟ್ಟು ಬರೆದ ಮಾತೇ ಇಲ್ದೆ ಕಟ್ಟೋಣ ಅಂದ್ವಿ. ಐದೈದು ಜನರ ಗುಂಪು, ಪ್ರತಿ ಗುಂಪು ಮೂರು ಸ್ಟ್ಯಾಚ್ಯೂ ಮಾಡಬೇಕು, ಮೊದಲನೇದು ಈಗ ಹೇಗಿದೆ, ಎರಡನೇದು ಅಲ್ಲಿ ಯಾರು ಏನು ಮಾಡಬಹುದು, ಮೂರನೇದು ಹೇಗಾಗಬೇಕು. ಚಪ್ಪಾಳೆ ಹೊಡೆದ್ರೆ ಸ್ಟ್ಯಾಚ್ಯೂಗೆ ಜೀವ ಬರುತ್ತೆ, ಆವಾಗ ಬಾಯಿಗೆ ಬಂದ ಮಾತು ಆಡಬಹುದು, ಮನೆ ಭಾಷೇಲೇ ಆಡಬಹುದು. ಇನ್ನೊಂದು ಚಪ್ಪಾಳೆಗೆ ಮತ್ತೆ ಸ್ಟ್ಯಾಚ್ಯೂ.

ಎರಡನೇ ಸ್ಟ್ಯಾಚ್ಯೂನೇ ಕಷ್ಟದ್ದು, ಅಲ್ಲೇ ಜಾಸ್ತಿ ಹೊತ್ತು ಕೂತ್ವಿ. ಮಕ್ಕಳು ಮೊದಲು ಮಾಡಿದ್ದು ಮ್ಯಾಜಿಕ್ಕು, ದೇವ್ರು ಬಂದು ಬೀಗ ಒಡೀತಾನೆ, ಇಲ್ಲಾಂದ್ರೆ ಸಿನಿಮಾ ಹೀರೋ ಬಂದು ಹೆಡ್ ಮಾಸ್ಟ್ರಿಗೆ ಡೈಲಾಗ್ ಹೊಡೀತಾನೆ. ದೇವ್ರು ಊರಿಗೆ ಬರಲ್ಲ, ಬರೋರು ಯಾರು ಅಂತ ಕೇಳ್ತಾ ಹೋದ್ವಿ. ಅಡುಗೆ ಅಕ್ಕ, ಎಸ್‌ಡಿಎಂಸಿ ಅಧ್ಯಕ್ಷರು, ವಾಟರ್‌ಮ್ಯಾನ್ ಮಾಮ, ಮೆಂಬರ್ ಅಜ್ಜ, ಪಿಡಿಒ ಮೇಡಂ. ಯಾರ ಕೈಲಿ ಏನಿದೆ ಅಂತ ಮಕ್ಕಳಿಗೆ ಅರ್ಧಂಬರ್ಧ ಗೊತ್ತಿತ್ತು, ಉಳಿದಿದ್ದನ್ನ ಕೇಳ್ಕೊಂಡು ಬರೋಕೆ ಕಳಿಸಿದ್ವಿ. ವಾಟರ್‌ಮ್ಯಾನ್ ಹತ್ರ ಹೋದ ಗುಂಪು ಒಂದು ಒಳ್ಳೆ ವಿಷಯ ತಂತು: ಬೀಗ ತೆಗೆದ್ರೂ ಶೌಚಾಲಯಕ್ಕೆ ನೀರೇ ಬರಲ್ಲ, ಸಿಂಟೆಕ್ಸ್ ಟ್ಯಾಂಕಿಂದ ಅಲ್ಲಿಗೆ ಹೋಗೋ ಪೈಪು ಯಾವಾಗ್ಲೋ ಒಡೆದಿದೆ.

ಬೀಗದ ಪಾರ್ಟು ಒಬ್ಬ ಪುಟ್ಟ ಹುಡುಗನಿಗೆ ಸಿಕ್ತು. ಎರಡು ಕೈ ತಲೆ ಮೇಲೆ ಕಮಾನು ಮಾಡಿ ನಿಂತು ಎಲ್ರಿಗೂ "ಕೀ ಎಲ್ಲಿ? ಕೀ ಎಲ್ಲಿ?" ಅಂತ ಕೇಳೋದು ಅವನ ಕೆಲಸ. ಬೈಯೋದೂ ಬೀಗಕ್ಕೇ, ಬೇಡ್ಕೊಳೋದೂ ಬೀಗಕ್ಕೇ. ಇದನ್ನ ಮಕ್ಕಳೇ ಮಾಡ್ಕೊಂಡಿದ್ದು, ಹೆಡ್ ಮಾಸ್ಟ್ರ ಪಾರ್ಟು ಮಾಡೋಕೆ ಯಾರಿಗೂ ಧೈರ್ಯ ಇರಲಿಲ್ಲ ಅನ್ನೋದು ನಿಜವಾದ ಕಾರಣ, ಆದ್ರೆ ಅದರಿಂದ ನಾಟಕಕ್ಕೆ ಒಳ್ಳೇದೇ ಆಯ್ತು. ತಾಂಡಾದ ಹುಡುಗಿ ಒಬ್ಬಳು ಬಾಟಲಿ ಚೆಲ್ಲೋ ಸೀನಲ್ಲಿ ಅವ್ವನ ಜೊತೆ ಪೂರ್ತಿ ಲಂಬಾಣಿಲೇ ಜಗಳ ಆಡಿದ್ಳು. ಕ್ಲಾಸಲ್ಲಿ ಬಾಯಿ ಬಿಡದ ಹುಡುಗಿ.

ಮೊದಲು ತೋರಿಸಬೇಕಾ, ಬೇಡ್ವಾ

ಇಷ್ಟಾದ ಮೇಲೆ ನಾನೂ ನನ್ನ ಸಹೋದ್ಯೋಗಿನೂ ಜಗಳಾಡಿದ್ವಿ, ನಿಜವಾಗ್ಲೂ. ನಾಟಕನ ಹೆಡ್ ಮಾಸ್ಟ್ರಿಗೆ ಮುಂಚೆ ತೋರಿಸಬೇಕಾ ಅಂತ. ಅವ್ರ ವಾದ: ತೋರಿಸಿದ್ರೆ ಕತ್ತರಿ ಬೀಳುತ್ತೆ, ಮಕ್ಕಳ ಮಾತನ್ನ ದೊಡ್ಡವ್ರು ಪಾಸ್ ಮಾಡೋದು ಅಂದ್ರೆ ಮತ್ತೆ ಅದೇ ಹಳೇ ಕತೆ. ನನ್ನ ವಾದ: ಸಭೆ ಮುಗಿದ ಮೇಲೆ ನಾವು ಬಸ್ ಹತ್ತಿ ಹೋಗ್ತೀವಿ, ಮಾರನೇ ದಿನ ಅದೇ ಆಫೀಸಿಗೆ ಕೀ ಕೇಳೋಕೆ ಹೋಗೋಳು ಹತ್ತು ವರ್ಷದ ಹುಡುಗಿ. ಊರೆದುರು ಮುಖಭಂಗ ಆದ ಮನುಷ್ಯ ಅವಳ ಜೊತೆ ಹೇಗೆ ನಡ್ಕೋತಾನೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನ ಹೊಡೆಯೋದು, ಮಾನಸಿಕವಾಗಿ ಹಿಂಸಿಸೋದು ಎರಡನ್ನೂ ನಿಷೇಧಿಸಿದೆ, ಸರಿ, ಆದ್ರೆ ಒಂದು ವಾರೆನೋಟಕ್ಕೆ ಯಾವ ಸೆಕ್ಷನ್ ಹಾಕ್ತೀರಿ?

ಕೊನೆಗೆ ಮಕ್ಕಳನ್ನೇ ಕೇಳಿದ್ವಿ. ಅವ್ರು ಒಕ್ಕೊರಲಿಂದ ತೋರಿಸೋಣ ಅಂದ್ರು, "ಆಮೇಲೆ ಗೊತ್ತಾದ್ರೆ ಜಾಸ್ತಿ ಬೈತಾರೆ" ಅನ್ನೋದು ಅವ್ರ ಲೆಕ್ಕ. ಒಂದು ಷರತ್ತು ಇಟ್ವಿ, ಅದನ್ನ ಹೆಡ್ ಮಾಸ್ಟ್ರಿಗೂ ಮೊದಲೇ ಹೇಳಿದ್ವಿ: ನಾಟಕದಲ್ಲಿ ಸುಳ್ಳಿದ್ರೆ ತಿದ್ದಬಹುದು, ಬಿಟ್ಟುಹೋಗಿದ್ರೆ ಸೇರಿಸಬಹುದು, ತೆಗೆಯೋ ಹಾಗಿಲ್ಲ.

ಅವ್ರು ಆಫೀಸ್ ರೂಮಲ್ಲಿ ಕೂತು ನೋಡಿದ್ರು. ಬಾಟಲಿ ಚೆಲ್ಲೋ ಸೀನ್ ಬಂದಾಗ ಬೇವಿನ ಮರದ ಕಡೆ ತಿರುಗಿ ನೋಡಿದ್ರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಬೇಜಾರಲ್ಲೇ ಅಂದ್ರು, "ನಾನ್ಯಾಕೆ ಬೀಗ ಹಾಕಿದೀನಿ ಅಂತಾನೂ ಹೇಳ್ರಪ್ಪ." ಸಂಜೆ ಶಾಲೆ ಬಿಟ್ಟ ಮೇಲೆ ಹೊರಗಿನವ್ರು ಬಂದು ಕೂರ್ತಾರೆ, ಬಾಟಲಿ ಒಡೆದು ಹೋಗ್ತಾರೆ, ಎರಡು ಸಲ ಬಾಗಿಲು ಮುರಿದಿದಾರೆ, ಕ್ಲೀನ್ ಮಾಡೋಕೆ ಜನ ಇಲ್ಲ, ಬರೋ ಶಾಲಾ ಅನುದಾನ ಸೀಮೆಸುಣ್ಣ, ಕರೆಂಟು, ರಿಪೇರಿ ಅಂತ ಖರ್ಚಾಗುತ್ತೆ, ಫಿನಾಯಿಲ್ ತಂದಿದ್ದು ತಮ್ಮ ಜೇಬಿಂದ. ಕಾಯ್ದೆ ಪ್ರಕಾರ ಹುಡುಗ್ರಿಗೆ ಹುಡುಗೀರಿಗೆ ಬೇರೆಬೇರೆ ಶೌಚಾಲಯ ಇರಬೇಕು, ವರದಿಲೂ "ಇದೆ" ಅಂತಾನೇ ಇದೆ, ಕಟ್ಟಡ ಇರೋದು ಸುಳ್ಳಲ್ಲವಲ್ಲ.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದೇ. ಮಕ್ಕಳು ಆ ಮಾತನ್ನ ತಗೊಂಡು ಹೊಸ ಸೀನ್ ಕಟ್ಟಿದ್ರು, ಬೀಗ ಪಾರ್ಟಿನ ಹುಡುಗ ಈಗ "ನಾನ್ಯಾಕೆ ಇಲ್ಲಿದೀನಿ ಗೊತ್ತಾ?" ಅಂತ ಶುರು ಮಾಡಿ ರಾತ್ರಿ ಬರೋರ ಕತೆ, ಫಿನಾಯಿಲ್ ಕತೆ ಹೇಳ್ತಾನೆ. ಹೀಗಾಗಿ ಬೈಗುಳ ಹೆಡ್ ಮಾಸ್ಟ್ರನ್ನ ದಾಟಿ ಪಂಚಾಯ್ತಿ ಕಡೆ ಹೋಯ್ತು, ಹೆಡ್ ಮಾಸ್ಟ್ರು ಮಕ್ಕಳ ಕಡೆ ಬಂದ್ರು. ನನ್ನ ಸಹೋದ್ಯೋಗಿ ಈಗ್ಲೂ ಒಪ್ಪಲ್ಲ, ಅವ್ರು ಒಳ್ಳೆ ಮನುಷ್ಯ ಆಗಿದ್ದಕ್ಕೆ ನಡೀತು, ಬೇರೆ ಕಡೆ ಆಗಿದ್ರೆ ನಾಟಕನೇ ಕ್ಯಾನ್ಸಲ್ ಅಂತಾರೆ. ಆ ಮಾತಲ್ಲೂ ಹುರುಳಿದೆ.

ಪೋಸ್ಟರ್ ಕಡೆಗೆ ಬಂದ್ರೆ, ನಾಲ್ಕು ಆಯ್ಕೆ ಆದವು, ಹೆಸರಿಲ್ಲ, ಗುಂಪಿನದ್ದು ಅಂತ ಮಾತ್ರ. ಒಂದೊಂದರ ಮೇಲೂ ಇದು ಯಾರಿಗೆ ಅಂತ ಬರೀಬೇಕು ಅಂದಿದ್ವಿ. "ಪಿಡಿಒ ಮೇಡಂಗೆ: ಪೈಪು ಒಡೆದಿದೆ, ಟ್ಯಾಂಕಿಂದ ಲೆಟ್ರಿನ್ ತನಕ." "ಊರವ್ರಿಗೆ: ಸಂಜೆ ನಮಗೆ ಮೈದಾನದ ಅರ್ಧ ಭಾಗ ಬಿಡಿ." ಮಿಸ್ಸಿಗೆ ಕಾಗುಣಿತ ತಿದ್ದೋ ಆಸೆ ತಡೆಯೋಕಾಗಲಿಲ್ಲ, ಲೆಟ್ರಿನ್ ಅನ್ನೋದನ್ನ ಶೌಚಾಲಯ ಮಾಡೋಣ ಅಂದ್ರು, ಮಕ್ಕಳು ಬೇಡ ಅಂದ್ರು, ಹಾಗೇ ಉಳೀತು.

ಸಭೆ ದಿನ

ಪಂಚಾಯ್ತಿ ಹಾಲಲ್ಲಿ ಮೂರ್ನಾಲ್ಕು ಶಾಲೆ ಮಕ್ಕಳು. ಭಾಷಣ, ಸನ್ಮಾನ ಎಲ್ಲ ಮುಗಿದು ಮಕ್ಕಳ ಸರದಿ ಬರೋಷ್ಟರಲ್ಲಿ ಅರ್ಧ ಜನ ಎದ್ದು ಹೋಗ್ತಾರೆ ಅಂತ ಗೊತ್ತಿದ್ದರಿಂದ, ನಾಟಕ ಮೊದಲು ಇಡಿ ಅಂತ ಪಿಡಿಒ ಹತ್ರ ಮುಂಚೆನೇ ಕೇಳಿ ಇಟ್ಟಿದ್ವಿ. ಅದು ಕೆಲಸಕ್ಕೆ ಬಂತು. ಲಂಬಾಣಿ ಜಗಳಕ್ಕೆ ಹಿಂದೆ ನಿಂತಿದ್ದ ತಾಂಡಾದ ಹೆಂಗಸರು ಜೋರಾಗಿ ನಕ್ಕರು, ಬಾಟಲಿ ಯಾಕೆ ಚೆಲ್ತೀಯ ಅನ್ನೋದಕ್ಕೆ ಉತ್ತರ ಬಂದಾಗ ಅದೇ ಹೆಂಗಸರಲ್ಲಿ ಒಬ್ರು "ಹೌದೇನೇ?" ಅಂತ ಎದ್ದೇಬಿಟ್ರು, ಪಿಡಿಒಗಿಂತ ಮೊದಲು ಪ್ರಶ್ನೆ ಕೇಳಿದ್ದು ಅವ್ರು.

ಪೈಪು, ಬೀಗ, ಕ್ಲೀನಿಂಗು ಮೂರೂ ಅಲ್ಲೇ ನಿರ್ಣಯ ಆಯ್ತು. ಸುಲಭವಾಗಿ ಆಗಿದ್ದಕ್ಕೆ ಕಾರಣ ಇದೆ, ಬೇಡಿಕೆ ಚಿಕ್ಕದು, ಯಾರ ಕೆಲಸ ಅನ್ನೋದು ಪೋಸ್ಟರಲ್ಲೇ ಇತ್ತು, ಜೊತೆಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಭಾಗ ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಮೀಸಲಿತ್ತು, ಪಿಡಿಒಗೆ ಎಲ್ಲಿಂದ ದುಡ್ಡು ತೆಗೀಬೇಕು ಅಂತ ತಲೆ ಕೆಡಿಸ್ಕೊಳೋದಿರಲಿಲ್ಲ. ಬಾಲಕಾರ್ಮಿಕತೆ ನಿಲ್ಲಿಸಿ ಅನ್ನೋ ಪೋಸ್ಟರ್ ತಂದಿದ್ದ ಪಕ್ಕದ ಶಾಲೆ ಮಕ್ಕಳಿಗೆ ಚಪ್ಪಾಳೆ ಸಿಕ್ತು, ಪುಸ್ತಕದಲ್ಲಿ ಒಂದು ಸಾಲೂ ಬರಲಿಲ್ಲ.

ಮೈದಾನದ ವಿಷಯ ಬಿದ್ದು ಹೋಯ್ತು. ಅಲ್ಲಿ ಜೋಳ ಒಣಗಿಸ್ತಿದ್ದೋರಲ್ಲಿ ಪಂಚಾಯ್ತಿ ಮೆಂಬರ್ ಒಬ್ರೂ ಇದ್ರು, ಎದುರಲ್ಲೇ ಕೂತಿದ್ರು. "ಒಂದೆರಡು ತಿಂಗ್ಳು ತಾನೇ, ಅಡ್ಜಸ್ಟ್ ಮಾಡ್ಕಳಿ ಮಕ್ಳಾ, ನಿಮ್ಮಪ್ಪಂದೂ ಅಲ್ಲೇ ಐತಲ್ಲ" ಅಂದ್ರು, ಎಲ್ರೂ ನಕ್ಕರು, ಮುಂದಿನ ವಿಷಯಕ್ಕೆ ಹೋದ್ರು. ಒಡಂಬಡಿಕೆಯ 31ನೇ ವಿಧಿ ಆಟ, ವಿಶ್ರಾಂತಿ ಮಗುವಿನ ಹಕ್ಕು ಅಂತ ಹೇಳುತ್ತೆ, ಅದನ್ನ ಓದಿ ಹೇಳಿದ್ರೆ ಜೋಳ ಒಣಗಲ್ಲ. ರೈತನಿಗೆ ಒಕ್ಕಣೆ ಕಣ ಇಲ್ಲ ಅನ್ನೋದೂ ನಿಜವಾದ ಕಷ್ಟ, ಮಕ್ಕಳ ಅಪ್ಪಂದಿರೇ ಎದುರುಪಕ್ಷ. ಶೌಚಾಲಯದ ವಿಷಯದಲ್ಲಿ ಬೀಗದ ಪಕ್ಷದ ಮಾತು ಕೇಳ್ಕೊಂಡು ಬಂದಿದ್ರು, ಇಲ್ಲಿ ಜೋಳದವ್ರ ಹತ್ರ ಯಾರೂ ಮುಂಚೆ ಹೋಗಿ ಮಾತಾಡಿರಲಿಲ್ಲ. ಎರಡು ವಿಷಯಕ್ಕೂ ಇದ್ದ ವ್ಯತ್ಯಾಸ ಅಷ್ಟೇ ಅನ್ನೋಕಾಗಲ್ಲ, ಆದ್ರೆ ಮುಖ್ಯವಾದ ವ್ಯತ್ಯಾಸ ಅದೇ ಅಂತ ನನಗನ್ಸುತ್ತೆ.

ಫೋಟೋ ವಿಷಯಕ್ಕೂ ಸ್ವಲ್ಪ ತಿಕ್ಕಾಟ ಆಯ್ತು. ನಾಟಕದ ವಿಡಿಯೋನ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ ಅಂತ ಒಬ್ರು ಹೊರಟಿದ್ರು, ಹೆಣ್ಣುಮಕ್ಕಳು ಮೂತ್ರದ ವಿಷಯ ಮಾತಾಡ್ತಿರೋ ವಿಡಿಯೋ ಅದು, ಆರನೇ ಏಳನೇ ಕ್ಲಾಸಿಗೆ ಹೋದ ಮೇಲೂ ಅದನ್ನ ತೋರಿಸಿ ರೇಗಿಸ್ತಾರೆ. ಪೋಸ್ಟರ್ ಫೋಟೋ ಮಾತ್ರ ಹೋಯ್ತು, ಮುಖ ಇಲ್ಲ.

ಆಮೇಲೆ

ಕೀ ಮಾರನೇ ದಿನವೇ ಡ್ರಾದಿಂದ ಹೊರಗೆ ಬಂತು, ಐದನೇ ಕ್ಲಾಸ್ ಬಾಗಿಲ ಪಕ್ಕ ಒಂದು ಮೊಳೆ, ಅದಕ್ಕೆ ಕೆಂಪು ದಾರದಲ್ಲಿ ಕೀ. ಯಾರನ್ನೂ ಕೇಳ್ಬೇಕಾಗಿಲ್ಲ, ತಗೊಂಡು ಹೋಗಿ ತಂದು ನೇತುಹಾಕಬೇಕು. ಸಂಜೆ ಬೀಗ ಹಾಕೋದು ಮುಂದುವರೀತು, ಅದು ಬೇಕಾಗಿದ್ದೇ. ಪೈಪು ರಿಪೇರಿ ಡಿಸೆಂಬರ್ ಕೊನೆಗೆ ಆಯ್ತು, ಅದಕ್ಕೂ ಹೆಡ್ ಮಾಸ್ಟ್ರು ಎರಡು ಮೂರು ಸಲ ಪಂಚಾಯ್ತಿಗೆ ಹೋಗಿ ನಿರ್ಣಯದ ನಕಲು ತೋರಿಸಬೇಕಾಯ್ತು. ಕ್ಲೀನಿಂಗಿಗೆ ಪಂಚಾಯ್ತಿಯಿಂದ ವಾರಕ್ಕೊಮ್ಮೆ ಜನ ಬರ್ತೀವಿ ಅಂದೋರು ಮೊದಲು ಬಂದ್ರು, ಆಮೇಲೆ ಬಿಟ್ಟುಬಿಟ್ಟು ಬರೋಕೆ ಶುರುವಾಯ್ತು.

ಇದು ಗೊತ್ತಾಗಿದ್ದು ಮಕ್ಕಳ ನೋಟ್‌ಬುಕ್ಕಿಂದ. ನೂರು ಪುಟದ ಒಂದು ಬುಕ್ಕಲ್ಲಿ ದಿನಕ್ಕೆ ಮೂರೇ ಕಾಲಂ: ಬಾಗಿಲು ತೆಗೆದಿತ್ತಾ, ನೀರಿತ್ತಾ, ಕ್ಲೀನಿತ್ತಾ. ಟಿಕ್ಕು, ಇಂಟು. ಪಾಳಿ ಪ್ರಕಾರ ಒಬ್ಬ ಹುಡುಗಿ, ಒಬ್ಬ ಹುಡುಗ ಬರೀತಾರೆ. ಫೆಬ್ರವರೀಲಿ ಮೋಟರ್ ಸುಟ್ಟು ನೀರಿನ ಕಾಲಂನಲ್ಲಿ ಸಾಲಾಗಿ ಇಂಟು ಬಿದ್ದಾಗ ಆ ಪುಟದ ಫೋಟೋ ತೆಗೆದು ಮಿಸ್ಸು ಪಿಡಿಒಗೆ ಕಳಿಸಿದ್ರು, ಭಾಷಣ ಬೇಕಾಗಲಿಲ್ಲ. ಬಾಟಲಿ ವಿಷಯ ಮಾತ್ರ ಪೂರ್ತಿ ಸರಿಹೋಗಿಲ್ಲ, ನೀರು ಬರದ ದಿನ ಬೇವಿನ ಮರದ ಬುಡ ಒದ್ದೆಯಾಗಿರುತ್ತೆ ಅಂತ ಮಿಸ್ಸೇ ಹೇಳ್ತಾರೆ, ಅವ್ರು ಈಗ ದಿನಾ ಅಲ್ಲಿ ನೋಡ್ತಾರಂತೆ.

ಮಕ್ಕಳು ಆರನೇ ಕ್ಲಾಸಿಗೆ ಹೋಗೋ ಮುಂಚೆ ಆ ಬುಕ್ಕನ್ನ ನಾಲ್ಕನೇ ಕ್ಲಾಸಿನವ್ರಿಗೆ ತಾವೇ ಕೂತು ಹೇಳಿಕೊಟ್ಟು ದಾಟಿಸಿದ್ರು. ಮುಂದಿನ ಮಕ್ಕಳ ಗ್ರಾಮಸಭೆಲಿ ಹೊಸ ಬೇಡಿಕೆಗಿಂತ ಮೊದಲು ಹೋದ ವರ್ಷದ್ದು ಏನಾಯ್ತು ಅಂತ ಓದಬೇಕು ಅಂತ ನಿರ್ಣಯದಲ್ಲೇ ಬರೆಸಿದ್ವಿ. ಆ ಪಟ್ಟೀಲಿ ಮೈದಾನನೂ ಇದೆ. ಈ ಸಲ ಮಕ್ಕಳು ಸಭೆಗೆ ಮುಂಚೆನೇ ಜೋಳದವ್ರ ಮನೆಗಳಿಗೆ ಹೋಗಿ ಯಾವ ಮೂಲೆ ಬೇಗ ಖಾಲಿ ಮಾಡ್ಕೊಡಬಹುದು ಅಂತ ಕೇಳ್ಕೊಂಡು ಬರ್ತಿದಾರೆ, ಮೆಂಬರ್ ಕೂಡ ಹೆಡ್ ಮಾಸ್ಟ್ರಿಗೆ ಫೋನ್ ಮಾಡಿ "ಈ ವರ್ಷನೂ ನಾಟಕ ಐತೇನ್ರೀ ಮೇಷ್ಟ್ರೇ?" ಅಂತ ವಿಚಾರಿಸಿದಾರಂತೆ.